ಯಾರು ವಿದೇಶಿ? ಲಾಡ್ಜಿನ ಕೌಂಟರಿನ ಮೇಲಿನ ಒಂದು ಬೋರ್ಡಿನ ಕಥೆ

ಹೊಸಪೇಟೆಯಲ್ಲಿ ನಮ್ಮ ಭಾವ ಹದಿನೆಂಟು ರೂಮಿನ ಒಂದು ಲಾಡ್ಜ್ ನಡೆಸುತ್ತಾರೆ. ಹಂಪಿ ನೋಡಲು ಬರುವವರೇ ಅವರ ಗಿರಾಕಿಗಳು. ಬೆಳಗಿನ ಹೊತ್ತು ಬೆಂಗಳೂರಿನ ರೈಲು ಬಂದ ಅರ್ಧ ಗಂಟೆಯೊಳಗೆ ಕೌಂಟರಿನ ಮುಂದೆ ಬ್ಯಾಗುಗಳ ರಾಶಿ ಬೀಳುತ್ತದೆ. ನಿದ್ದೆಗೆಟ್ಟ ಮುಖಗಳು, ಟಾಯ್ಲೆಟ್ ಎಲ್ಲಿದೆ ಎಂದು ಕೇಳುವ ಮಕ್ಕಳು. ಆ ಗದ್ದಲದ ನಡುವೆ, ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿತ್ತು:

“ಐಡಿ ಪ್ರೂಫ್ ಕಡ್ಡಾಯ. ಒರಿಜಿನಲ್ ಮಾತ್ರ. ವಿದೇಶಿಯರು ಪಾಸ್‌ಪೋರ್ಟ್/ವೀಸಾ ಕೊಡತಕ್ಕದ್ದು. ಇಲ್ಲದಿದ್ದರೆ ರೂಮು ಇಲ್ಲ. ಸಹಕರಿಸಿ.”

ಓದಿದರೆ ಎಲ್ಲವೂ ಸ್ಪಷ್ಟ ಎನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಕಳೆದ ಚಳಿಗಾಲದಲ್ಲಿ ಅಲ್ಲಿ ನಾಲ್ಕು ದಿನ ಇದ್ದಾಗ ಒಂದು ಬೆಳಗ್ಗೆ ಮೂವರು ಬಂದರು. ಬೆಂಗಳೂರಿನ ಜಯನಗರದ ಒಬ್ಬ ಹಿರಿಯ ಹೆಂಗಸು, ಅವರ ಮಗ, ಸೊಸೆ. ಸೊಸೆ ಜರ್ಮನಿಯವಳು. ಮಗ ಅಚ್ಚ ಕನ್ನಡದಲ್ಲಿ “ಎರಡು ರೂಮ್ ಬುಕ್ ಮಾಡಿದ್ವಿ” ಎಂದ. ಕೌಂಟರಿನ ಹುಡುಗ ಸೊಸೆಯ ಕಡೆ ಮಾತ್ರ ಕೈ ಚಾಚಿ ಪಾಸ್‌ಪೋರ್ಟ್ ಕೇಳಿದ. ತಾಯಿ ಆಧಾರ್ ಕೊಟ್ಟರು, ಮಗ ಪರ್ಸಿನಿಂದ ಹಳೆಯದೊಂದು ಡ್ರೈವಿಂಗ್ ಲೈಸೆನ್ಸ್ ತೆಗೆದ. ಹುಡುಗ ಮೂರನ್ನೂ ಜೆರಾಕ್ಸ್ ಮಾಡಿ, ಕೀ ಕೊಟ್ಟು, ಮುಂದಿನವರ ಕಡೆ ತಿರುಗಿದ.

ಒಂದು ಗಂಟೆಯ ನಂತರ ಭಾವ ರಿಜಿಸ್ಟರ್ ನೋಡುವಾಗ ಮಗ ತನ್ನ ಕೈಯಾರೆ ಬರೆದಿದ್ದ ವಿಳಾಸ ಕಣ್ಣಿಗೆ ಬಿತ್ತು: ಅಮೆರಿಕದ ಟೆಕ್ಸಸ್. ಭಾವ ಮೇಲೆ ಹೋಗಿ ಬಾಗಿಲು ತಟ್ಟಿ ವಿನಯದಿಂದಲೇ ಕೇಳಿದರು, “ಸರ್, ತಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಐತ್ರೀ?” ಉತ್ತರ ಕೊಟ್ಟಿದ್ದು ತಾಯಿ. “ನನ್ನ ಮಗ ಫಾರಿನರ್ರಾ? ಜಯನಗರದಲ್ಲಿ ಹುಟ್ಟಿ ಬೆಳೆದವನು!” ಮಗ ಮಾತ್ರ ಸ್ವಲ್ಪ ಮುಜುಗರದಿಂದ ನೀಲಿ ಪುಸ್ತಕ ಹೊರತೆಗೆದ. ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಒಸಿಐ ಕಾರ್ಡ್.

ತಪ್ಪು ಆ ತಾಯಿಯದ್ದಲ್ಲ, ಮಗನದ್ದೂ ಅಲ್ಲ. ಬೋರ್ಡು ಕೇಳಿದ್ದು “ವಿದೇಶಿಯರ”ನ್ನು. ಆ ಮಗ ತನ್ನನ್ನು ವಿದೇಶಿ ಎಂದು ಎಂದೂ ಅಂದುಕೊಂಡವನಲ್ಲ. ಕೌಂಟರಿನ ಹುಡುಗನ ಕಣ್ಣಿಗೂ ವಿದೇಶಿ ಎಂದರೆ ಬಿಳಿ ಚರ್ಮ, ಬೆನ್ನ ಮೇಲೆ ದೊಡ್ಡ ಬ್ಯಾಗು. ಕಾನೂನಿಗೆ ಮಾತ್ರ ಮುಖ, ಮಾತು, ಹುಟ್ಟೂರು ಯಾವುದೂ ಲೆಕ್ಕಕ್ಕಿಲ್ಲ. ಪೌರತ್ವ ಯಾವ ದೇಶದ್ದು ಎಂಬುದೊಂದೇ ಅದಕ್ಕೆ ಬೇಕಾದ ಪ್ರಶ್ನೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಕ್ಷಣ ಇಲ್ಲಿಯದು ಹೋಯಿತು. ಒಸಿಐ ಕಾರ್ಡಿನ ಹೆಸರಿನಲ್ಲಿ ‘ನಾಗರಿಕ’ ಎಂಬ ಪದ ಇದ್ದರೂ ಅದು ಪೌರತ್ವ ಅಲ್ಲ, ಬಹುಕಾಲದ ವೀಸಾ ಇದ್ದಂತೆ. ಇದಕ್ಕೆ ತದ್ವಿರುದ್ಧವಾಗಿ, ಇಪ್ಪತ್ತು ವರ್ಷ ದುಬೈನಲ್ಲಿದ್ದು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಮಂಗಳೂರಿನವರು ಎನ್‌ಆರ್‌ಐ. ಅವರು ಎಲ್ಲ ಅರ್ಥದಲ್ಲೂ ಭಾರತೀಯರೇ. ಈ ಇಬ್ಬರನ್ನು ಅದಲು ಬದಲು ಮಾಡಿಕೊಳ್ಳುವುದು ಲಾಡ್ಜುಗಳಲ್ಲಿ ದಿನನಿತ್ಯದ ಮಾತು.

ಇನ್ನೊಂದು ಬಲೆಯೂ ಇದೆ. ಆಧಾರ್ ಇದ್ದವರೆಲ್ಲ ಭಾರತೀಯರು ಎಂದು ಬಹಳ ಮಂದಿ ತಿಳಿದಿದ್ದಾರೆ. ಆಧಾರ್ ಕೊಡುವುದು ಇಲ್ಲಿ ವಾಸವಿರುವವರಿಗೆ. ನಿಗದಿತ ಕಾಲ ಇಲ್ಲಿ ನೆಲೆಸಿದ ವಿದೇಶಿ ಪೌರರಿಗೂ ಅದು ಸಿಗುತ್ತದೆ. ಅಂದರೆ ಆ ಮಗ ಡ್ರೈವಿಂಗ್ ಲೈಸೆನ್ಸಿನ ಬದಲು ಆಧಾರನ್ನೇ ತೋರಿಸಿದ್ದರೂ ಅವನು ಭಾರತದ ಪೌರ ಎಂದು ಸಾಬೀತಾಗುತ್ತಿರಲಿಲ್ಲ.

ಇಷ್ಟೆಲ್ಲ ಗಲಾಟೆ ಯಾಕೆ ಎಂದರೆ ಕಾರಣ ಒಂದು ಫಾರಂ. ಲಾಡ್ಜಿನವರ ಬಾಯಲ್ಲಿ ಅದು ‘ಸಿ ಫಾರಂ’. ಬೇರೆ ದೇಶದ ಪೌರರಿಗೆ ತಂಗಲು ಜಾಗ ಕೊಟ್ಟವರು, ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕಳಿಸಬೇಕು. ಅದಕ್ಕಾಗಿ indianfrro.gov.in ತಾಣದಲ್ಲಿ ಲಾಡ್ಜ್ ಮೊದಲೇ ನೋಂದಾಯಿಸಿ ತನ್ನದೊಂದು ಲಾಗಿನ್ ಪಡೆದಿರಬೇಕು. ಬೆಂಗಳೂರಿನಲ್ಲಿ ಇದಕ್ಕೆ ಪ್ರತ್ಯೇಕ ಪ್ರಾದೇಶಿಕ ಕಚೇರಿ ಇದೆ, ಜಿಲ್ಲೆಗಳಲ್ಲಿ ಎಸ್‌ಪಿಯವರೇ ನೋಂದಣಿ ಅಧಿಕಾರಿ. ದೊಡ್ಡ ಹೋಟೆಲಿಗಷ್ಟೇ ಅಲ್ಲ, ಹೋಂಸ್ಟೇ, ಧರ್ಮಶಾಲೆ, ಆಸ್ಪತ್ರೆ, ಹಾಸ್ಟೆಲಿಗೂ ಇದು ಅನ್ವಯ. ಆ ಪಟ್ಟಿಯಲ್ಲಿ ಖಾಸಗಿ ಮನೆ ಕೂಡ ಇದೆ ಎಂಬುದು ಅಮೆರಿಕದ ಅಳಿಯನನ್ನು ಮನೆಯಲ್ಲಿ ಉಳಿಸಿಕೊಳ್ಳುವ ಎಷ್ಟು ಮಾವಂದಿರಿಗೆ ಗೊತ್ತೋ!

ಈ ಫಾರಂ 1946ರ ವಿದೇಶಿಯರ ಕಾಯ್ದೆಯ ಕಾಲದಿಂದ ಬಂದದ್ದು. 2025ರ ಸೆಪ್ಟೆಂಬರ್ 1ರಿಂದ ಆ ಕಾಯ್ದೆ ಇಲ್ಲ. ಅದನ್ನೂ, 1920, 1939 ಮತ್ತು 2000ದ ಇನ್ನು ಮೂರು ಕಾಯ್ದೆಗಳನ್ನೂ ತೆಗೆದು ವಲಸೆ ಮತ್ತು ವಿದೇಶಿಯರ ಕಾಯ್ದೆ ಎಂಬ ಒಂದೇ ಕಾನೂನು ಜಾರಿಗೆ ಬಂದಿದೆ. ಜಾಗ ಕೊಟ್ಟವರು ವರದಿ ಮಾಡಬೇಕೆಂಬ ಹೊಣೆ ಅದರಲ್ಲೂ ಮುಂದುವರಿದಿದೆ. “1946ರ ಕಾಯ್ದೆಯ ಇಂಥ ಕಲಮಿನ ಪ್ರಕಾರ” ಎಂದು ಬರೆದ ಬೋರ್ಡುಗಳು ಮಾತ್ರ ಒಂದೇ ದಿನದಲ್ಲಿ ಹಳಸಿಹೋದವು. ಕೌಂಟರಿನ ಮೇಲಿನ ಹಾಳೆಯಲ್ಲಿ ಕಲಮಿನ ನಂಬರು ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ. ಅತಿಥಿಗೆ ಬೇಕಾದದ್ದು ಏನು ತೋರಿಸಬೇಕು, ಯಾಕೆ ಎಂಬುದಷ್ಟೇ.

ಆ ಮೂವರ ಸಿ ಫಾರಂ ತುಂಬುವಾಗ ನಾನು ಭಾವನ ಪಕ್ಕ ಕೂತಿದ್ದೆ. ಮೂವರಲ್ಲಿ ಇಬ್ಬರಿಗೆ ಫಾರಂ, ತಾಯಿಗೆ ಬೇಡ. ಹೆಸರು, ಹುಟ್ಟಿದ ತಾರೀಖು, ಸ್ವದೇಶದ ವಿಳಾಸ, ಪಾಸ್‌ಪೋರ್ಟಿನ ಸಂಖ್ಯೆ, ಅದನ್ನು ಕೊಟ್ಟ ಊರು ಮತ್ತು ದಿನ, ಮುಗಿಯುವ ದಿನ, ವೀಸಾದ ಅದೇ ವಿವರಗಳು, ಭಾರತಕ್ಕೆ ಬಂದ ದಿನ, ಲಾಡ್ಜಿಗೆ ಬಂದ ದಿನ ಮತ್ತು ಗಂಟೆ, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ, ಮೊಬೈಲ್ ನಂಬರು, ಜೊತೆಗೆ ಫೋಟೊ. ಪಾಸ್‌ಪೋರ್ಟ್ ಒಂದನ್ನೇ ಜೆರಾಕ್ಸ್ ಮಾಡಿಟ್ಟುಕೊಂಡರೆ ಇದರಲ್ಲಿ ಅರ್ಧವೂ ತುಂಬುವುದಿಲ್ಲ. ಹಳೆಯ ಬೋರ್ಡಿನ “ಪಾಸ್‌ಪೋರ್ಟ್/ವೀಸಾ” ಎಂಬ ಓರೆಗೆರೆಯ ಕಿತಾಪತಿ ಆಗ ನನಗೆ ಅರ್ಥವಾಯಿತು. ಆ ಗೆರೆ ‘ಮತ್ತು’ ಅನ್ನುತ್ತದೋ ‘ಅಥವಾ’ ಅನ್ನುತ್ತದೋ ಯಾರಿಗೂ ತಿಳಿಯದು. ಭಾವ ಬರೆಸಿದ್ದು ‘ಮತ್ತು’ ಎಂದುಕೊಂಡು. ಓದುವವರು ‘ಯಾವುದಾದರೂ ಒಂದು’ ಎಂದುಕೊಂಡು ವೀಸಾ ಕಾಗದವನ್ನು ಬ್ಯಾಗಿನ ತಳದಲ್ಲೇ ಬಿಡುತ್ತಾರೆ.

ಸೊಸೆಯ ವೀಸಾ ಹುಡುಕುವುದರಲ್ಲೂ ಹತ್ತು ನಿಮಿಷ ಹೋಯಿತು. ಹುಡುಗ ಪಾಸ್‌ಪೋರ್ಟಿನ ಪುಟಗಳನ್ನು ಎರಡು ಸಲ ತಿರುವಿ “ವೀಸಾ ಇಲ್ಲ ಅಣ್ಣಾ” ಎಂದ. ಅವಳದ್ದು ಇ-ವೀಸಾ. ಅದಕ್ಕೆ ಪುಟ ತುಂಬುವ ಸ್ಟಿಕ್ಕರ್ ಇರುವುದಿಲ್ಲ. ಅನುಮತಿ ಪತ್ರ ಈಮೇಲಿಗೆ ಬಂದಿರುತ್ತದೆ, ವಿಮಾನ ನಿಲ್ದಾಣದಲ್ಲಿ ಇಳಿದಾಗ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿರುತ್ತಾರೆ. ಎರಡೂ ಸೇರಿದರೆ ಕಥೆ ಪೂರ್ತಿ. ಇನ್ನು ಕೆಲವರ ವೀಸಾ ಅವಧಿ ಮುಗಿದ ಹಳೆಯ ಪಾಸ್‌ಪೋರ್ಟಿನಲ್ಲಿ ಇರುತ್ತದೆ, ಹೊಸ ಪಾಸ್‌ಪೋರ್ಟ್ ಖಾಲಿ. ಅಂಥವರು ಎರಡೂ ಪುಸ್ತಕ ಹೊತ್ತೇ ತಿರುಗುತ್ತಾರೆ. ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ಅವರಿಗಾದರೂ ಹೇಗೆ ಹೊಳೆಯಬೇಕು?

ತಾರೀಖಿನ ವಿಷಯ ಇನ್ನೂ ಮಜವಾಗಿತ್ತು. ಮಗ ರಿಜಿಸ್ಟರಿನಲ್ಲಿ ತನ್ನ ಹುಟ್ಟಿದ ದಿನವನ್ನು 3/5 ಎಂದು ಬರೆದಿದ್ದ. ಹುಡುಗ ಅದನ್ನು ಮೇ 3 ಎಂದು ಟೈಪ್ ಮಾಡಿದ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅವನು ಹುಟ್ಟಿದ್ದು ಮಾರ್ಚ್ 5ರಂದು. ಅಮೆರಿಕದ ಪಾಸ್‌ಪೋರ್ಟಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆದಿರುತ್ತಾರೆ, ಆದ್ದರಿಂದ ರಿಜಿಸ್ಟರ್ ನೋಡಿ ತುಂಬದೆ ಪಾಸ್‌ಪೋರ್ಟ್ ನೋಡಿಯೇ ತುಂಬಬೇಕು. ಅನುಮಾನ ಬಂದರೆ ಫೋಟೊ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ. ಪ್ರತಿ ಸಾಲಿಗೂ 44 ಅಕ್ಷರ. ಎರಡನೆಯ ಸಾಲಿನ ಮೊದಲ ಒಂಬತ್ತು ಮನೆ ಪಾಸ್‌ಪೋರ್ಟ್ ಸಂಖ್ಯೆಗೆ, ಆಮೇಲೆ ಪರಿಶೀಲನೆಯ ಒಂದು ಅಂಕಿ, ಮೂರು ಮನೆ ದೇಶಕ್ಕೆ, ನಂತರ ಹುಟ್ಟಿದ ದಿನ. ಅದು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಇರುತ್ತದೆ, ಯಾವ ದೇಶದ್ದೇ ಆಗಲಿ. 1988ರ ಮಾರ್ಚ್ 5 ಅಲ್ಲಿ 880305 ಆಗುತ್ತದೆ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂಬ ಗೊಂದಲಕ್ಕೂ ಒಂದು ಸಣ್ಣ ಉಪಾಯ ಇದೆ. ಜರ್ಮನ್ ಪಾಸ್‌ಪೋರ್ಟಿನ ಸಂಖ್ಯೆಯಲ್ಲಿ ಆ ಅಕ್ಷರವನ್ನು ಬಳಸುವುದೇ ಇಲ್ಲ. ದುಂಡಗೆ ಕಂಡರೆ ಅದು ಸೊನ್ನೆಯೇ. ಇದನ್ನು ಹೇಳಿದ ಮೇಲೆ ಆ ಹುಡುಗ ನನ್ನನ್ನು ಸ್ವಲ್ಪ ಗೌರವದಿಂದ ನೋಡಿದ.

ತಾಯಿಯ ಆಧಾರ್‌ನದು ಬೇರೆಯೇ ತಕರಾರು. “ಇದರ ಜೆರಾಕ್ಸ್ ಯಾಕೆ ಇಟ್ಕೋತೀರಿ? ಕೊಡಬಾರದು ಅಂತ ಪೇಪರಿನಲ್ಲಿ ಬಂದಿತ್ತಲ್ಲ” ಎಂದರು. ಅವರ ನೆನಪು ಸುಳ್ಳಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರಿನ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ, ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ಅದನ್ನು ಪಡೆದು ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ದೇಶವಿಡೀ ಗಾಬರಿಯಾಯಿತು. ಎರಡೇ ದಿನದಲ್ಲಿ, ಮೇ 29ರಂದು, ಜನ ತಪ್ಪು ತಿಳಿಯಬಹುದು ಎಂದು ಹೇಳಿ ಕೇಂದ್ರ ಸರ್ಕಾರ ಅದನ್ನು ವಾಪಸು ಪಡೆಯಿತು. ವಾಪಸಾದ ಸುದ್ದಿಗಿಂತ ಮೊದಲಿನ ಸುದ್ದಿಯೇ ಜನರ ತಲೆಯಲ್ಲಿ ಉಳಿಯಿತು. ಅದರಿಂದ ನಷ್ಟವೇನೂ ಆಗಲಿಲ್ಲ ಎಂದು ನನ್ನ ಅಭಿಪ್ರಾಯ.

ಭಾರತೀಯ ಅತಿಥಿಯಿಂದ ಲಾಡ್ಜಿಗೆ ಬೇಕಾದದ್ದು ಮೂರು: ಫೋಟೊಗೆ ಹೊಂದುವ ಮುಖ, ಹೆಸರು, ವಿಳಾಸ. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಅದಕ್ಕೆ ಬೇಕಿಲ್ಲ. ಖಾಸಗಿಯವರು ಆಧಾರನ್ನೇ ಕೊಡಿ ಎಂದು ಕಡ್ಡಾಯ ಮಾಡುವ ದಾರಿಯನ್ನು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ಮುಚ್ಚಿದೆ. ಅತಿಥಿ ತಾನಾಗಿ ಕೊಟ್ಟರೆ ತೊಂದರೆಯಿಲ್ಲ. ಹಾಗೆ ಕೊಡುವವರಿಗೂ ಪ್ರಾಧಿಕಾರದ ತಾಣದಲ್ಲಿ ಮರೆಮಾಡಿದ ಆಧಾರ್ ಸಿಗುತ್ತದೆ. ಅದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿದ್ದು ಕೊನೆಯ ನಾಲ್ಕು ಮಾತ್ರ ಕಾಣುತ್ತದೆ, ಹೆಸರು, ಫೋಟೊ, ವಿಳಾಸ ಎಲ್ಲ ಹಾಗೇ ಇರುತ್ತದೆ. ಆ ತಾಯಿಯ ಮೊಬೈಲಿನಲ್ಲಿ ಮಗ ಅದನ್ನು ಅಲ್ಲೇ ಡೌನ್‌ಲೋಡ್ ಮಾಡಿಕೊಟ್ಟ. ಭಾವ ಮೊದಲಿನ ಜೆರಾಕ್ಸನ್ನು ಅವರ ಕಣ್ಣೆದುರೇ ಹರಿದು ಹಾಕಿದರು. ತಾಯಿ ಹರಿದ ಚೂರುಗಳನ್ನೂ ಕೇಳಿ ಪಡೆದು ಪರ್ಸಿಗೆ ಹಾಕಿಕೊಂಡರು!

ಆ ಸಂಜೆ ಭಾವ “ನೀನೇ ಬರೀತೀಯಲ್ಲ, ಈ ಬೋರ್ಡೊಂದು ಬರ್ಕೊಡು” ಎಂದರು. ಎರಡು ಸಾಲಿನ ಕೆಲಸ ಎಂದುಕೊಂಡು ಕೂತವನು ಮೂರು ಹಾಳೆ ಹರಿದೆ.

ಮೊದಲು ಹೋದದ್ದು “ವಿದೇಶಿಯರು”. ಅದರ ಜಾಗದಲ್ಲಿ “ಬೇರೆ ದೇಶದ ಪಾಸ್‌ಪೋರ್ಟ್ ಇರುವವರು” ಬಂತು. ಉದ್ದ ನಿಜ, ಆದರೆ ಇದನ್ನು ಓದಿ ಯಾರೂ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಗಿಲ್ಲ, ತಾಯಿ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಜೇಬಿನಲ್ಲಿ ಏನಿದೆ ಎಂದು ನೋಡಿದರಾಯಿತು. “ಸ್ಥಳೀಯರು” ಎಂಬ ಪದವನ್ನೂ ಬಿಟ್ಟೆ. ಲಾಡ್ಜಿನ ಭಾಷೆಯಲ್ಲಿ ‘ಲೋಕಲ್’ ಎಂದರೆ ಭಾರತೀಯ ಅಲ್ಲ, ಇದೇ ಊರಿನವರು. ಲೋಕಲ್ ಐಡಿಗೆ ರೂಮು ಕೊಡುವುದಿಲ್ಲ ಎಂದು ಬೋರ್ಡು ಹಾಕುವ ಲಾಡ್ಜುಗಳಿವೆ. ಅದು ಆ ಮಾಲೀಕರ ಇಷ್ಟವೇ ಹೊರತು ಕಾನೂನು ಕೇಳಿದ್ದಲ್ಲ. ಭಾವ ಸ್ವಲ್ಪ ಯೋಚಿಸಿ, ಇದೇ ಊರಿನವರಿಗೂ ಕೊಡುತ್ತೇವೆ ಎಂದು ಬರೆಯಲು ಒಪ್ಪಿದರು. ಮದುವೆ ಮನೆಯ ನೆಂಟರು ತುಂಬಿ ಮನೆಯಲ್ಲಿ ಜಾಗವಿಲ್ಲದವರು, ರಾತ್ರಿ ಬಸ್ಸು ತಪ್ಪಿದವರು, ಇವರೂ ಗಿರಾಕಿಗಳೇ ಅಲ್ಲವೆ?

“ಒರಿಜಿನಲ್ ಮಾತ್ರ” ಎಂಬುದರಲ್ಲಿ ಎರಡು ಅರ್ಥ ಕೂತಿದ್ದವು. ಒರಿಜಿನಲ್ ತೋರಿಸಬೇಕೋ, ಒರಿಜಿನಲ್ ಕೊಟ್ಟು ಹೋಗಬೇಕೋ? ಹೋಗುವವರೆಗೂ ಪಾಸ್‌ಪೋರ್ಟನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುವ ಹಳೆಯ ಚಾಳಿ ಕೆಲವು ಕಡೆ ಇನ್ನೂ ಇದೆ. ಅದು ಬಾಡಿಗೆಗೆ ಒತ್ತೆ ಇಡುವ ವಸ್ತುವಲ್ಲ. ನೋಡಿ, ಪ್ರತಿ ತೆಗೆದು ಹಿಂತಿರುಗಿಸುವುದಷ್ಟೇ ಲಾಡ್ಜಿನ ಕೆಲಸ. ಹಾಗಾಗಿ “ತೋರಿಸಿ” ಎಂದೇ ಬರೆದು, ಅವರೆದುರೇ ಹಿಂತಿರುಗಿಸುತ್ತೇವೆ ಎಂಬ ಮಾತನ್ನೂ ಸೇರಿಸಿದೆ. ಡಿಜಿಲಾಕರಿನಲ್ಲಿರುವ ಲೈಸೆನ್ಸು, ಆಧಾರ್ ಕೂಡ ಒರಿಜಿನಲ್ಲಿಗೆ ಸಮ. ಆದರೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ಸಮ ಅಲ್ಲ. ಈ ವ್ಯತ್ಯಾಸ ಬರೆಯದಿದ್ದರೆ ಕೌಂಟರಿನ ಹುಡುಗ ದಿನಕ್ಕೆ ಹತ್ತು ಜಗಳ ಮಾಡಬೇಕಾಗುತ್ತದೆ.

“ಕೊಡತಕ್ಕದ್ದು” ಎಂಬ ಕಚೇರಿ ಭಾಷೆ ಹೋಯಿತು. “ಸಹಕರಿಸಿ” ಕೂಡ ಹೋಯಿತು, ಅದು ಯಾವ ಕೆಲಸವನ್ನೂ ಹೇಳುವುದಿಲ್ಲ. ‘ದಯವಿಟ್ಟು’ ಒಂದೇ ಸಲ ಸಾಕು ಎಂಬುದು ನನ್ನ ಹಟ. ಪ್ರತಿ ಸಾಲಿಗೂ ದಯವಿಟ್ಟು ಹಾಕಿದರೆ ಮರ್ಯಾದೆ ಹೆಚ್ಚುವುದಿಲ್ಲ, ಬೇಡುವಂತೆ ಕೇಳಿಸುತ್ತದೆ. ನಮ್ಮ ಭಾಷೆಯಲ್ಲಿ ಮರ್ಯಾದೆ “ತೋರಿಸಿ”ಯ ಬಹುವಚನದಲ್ಲೇ ಇದೆ, ಮಿಕ್ಕದ್ದು ಕಾರಣ ಹೇಳುವುದರಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಾಕಿಕೊಟ್ಟ ದಾರಿಯೂ ಅದೇ: ಯಾವ ಮಾಹಿತಿ, ಯಾತಕ್ಕೆ ಎಂದು ಸರಳವಾಗಿ ತಿಳಿಸಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದಲು ಅವಕಾಶ ಇರಬೇಕು. ಆ ಪರಿಚ್ಛೇದದಲ್ಲಿ ಕನ್ನಡವೂ ಇದೆ.

ಕೊನೆಗೆ ನಿಂತ ಹಾಳೆ ಇದು:

“ನಮಸ್ಕಾರ. ಕೀ ಕೊಡುವ ಮೊದಲು, ತಂಗುವವರ ಗುರುತಿನ ದಾಖಲೆಯನ್ನು ನಾವು ನೋಡಬೇಕು. ದಯವಿಟ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಭಾರತದ ಪೌರರು: 18 ವರ್ಷ ತುಂಬಿದ ಪ್ರತಿಯೊಬ್ಬರೂ ಇವುಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿ: ಆಧಾರ್, ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್. ಕಾರ್ಡ್ ಇಲ್ಲದಿದ್ದರೆ ಡಿಜಿಲಾಕರ್‌ನಲ್ಲಿ ತೆರೆದು ತೋರಿಸಬಹುದು. ಕಾರ್ಡಿನ ಫೋಟೊ ತೋರಿಸಿದರೆ ಸಾಲದು. ಆಧಾರ್ ಆದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಸಾಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಆದ್ದರಿಂದ ಅದೊಂದೇ ಸಾಲದು. ಇದೇ ಊರಿನ ವಿಳಾಸ ಇರುವವರಿಗೂ ರೂಮು ಕೊಡುತ್ತೇವೆ.

ಬೇರೆ ದೇಶದ ಪಾಸ್‌ಪೋರ್ಟ್ ಇರುವವರು: ಮಕ್ಕಳೂ ಸೇರಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ತೋರಿಸಿ. ಅದರ ಜೊತೆಗೆ ವೀಸಾ ಅಥವಾ ಒಸಿಐ ಕಾರ್ಡ್ ತೋರಿಸಿ. ಇ-ವೀಸಾ ಆದರೆ ಈಮೇಲಿಗೆ ಬಂದ ಪತ್ರ ತೋರಿಸಿ. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡೂ ಪಾಸ್‌ಪೋರ್ಟ್ ತೋರಿಸಿ. ನೇಪಾಳ ಮತ್ತು ಭೂತಾನಿನ ಪೌರರಿಗೆ ವೀಸಾ ಬೇಡ. ನಿಮ್ಮ ವಿವರವನ್ನು 24 ಗಂಟೆಯೊಳಗೆ ಸರ್ಕಾರದ ನೋಂದಣಿ ಕಚೇರಿಗೆ ಕಳಿಸಬೇಕೆಂದು ಕಾನೂನು ಇದೆ, ಅದಕ್ಕಾಗಿ ಕೇಳುತ್ತೇವೆ. ಪಾಸ್‌ಪೋರ್ಟಿನ ಪ್ರತಿ ತೆಗೆದು ನಿಮ್ಮೆದುರೇ ಹಿಂತಿರುಗಿಸುತ್ತೇವೆ.”

ಇದರ ಇಂಗ್ಲಿಷ್ ರೂಪ ಪಕ್ಕದಲ್ಲೇ ಇದೆ. ತಾರೀಖು ಬರೆಯುವ ಜಾಗದಲ್ಲಿ ‘ದಿನ, ತಿಂಗಳ ಹೆಸರು, ವರ್ಷ’ ಎಂದು ರಿಜಿಸ್ಟರಿನ ಅಂಕಣಕ್ಕೂ ಚೀಟಿ ಅಂಟಿಸಿದೆವು. ಬೋರ್ಡನ್ನು ಕೌಂಟರಿನ ಹಿಂದಿನ ಗೋಡೆಯಿಂದ ತೆಗೆದು ಬಾಗಿಲ ಪಕ್ಕ, ಬ್ಯಾಗು ಇಳಿಸುವ ಬೆಂಚಿನ ಮೇಲ್ಗಡೆ ಹಾಕಿಸಿದ್ದು ಭಾವನ ಉಪಾಯ. ಸರದಿ ಬರುವ ಮೊದಲೇ ಜನ ಓದಿ, ಅಲ್ಲೇ ಬ್ಯಾಗು ಬಿಚ್ಚುತ್ತಾರೆ.

ಮಾರ್ಚಿನಲ್ಲಿ ಮತ್ತೆ ಹೋದಾಗ ಕೌಂಟರಿನ ಹುಡುಗನ ಪ್ರಶ್ನೆಯೂ ಬದಲಾಗಿತ್ತು. ಯಾರೇ ಬರಲಿ, ಪಂಚೆ ಉಟ್ಟ ಅಜ್ಜನೇ ಆಗಲಿ, ಮೊದಲ ಮಾತು ಒಂದೇ: “ಎಲ್ರದ್ದೂ ಇಂಡಿಯನ್ ಪಾಸ್‌ಪೋರ್ಟಾ ಸರ್, ಬೇರೆ ದೇಶದ್ದು ಯಾರದ್ದಾದ್ರೂ ಐತ್ರೀ?” ಅಜ್ಜ ನನ್ನ ಕಡೆ ತಿರುಗಿ, “ನಂದು ಯಾವ ದೇಶದ್ದೂ ಇಲ್ಲಪ್ಪ, ನಾನು ಕೊಪ್ಪಳದವ” ಎಂದರು. ಹುಡುಗ ನಕ್ಕು ಅವರ ವೋಟರ್ ಐಡಿ ತೆಗೆದುಕೊಂಡ. ಹಳೆಯ ಹಾಳೆಯನ್ನು ತಿರುಗಿಸಿ, ಅದರ ಬೆನ್ನಿಗೆ “ಬಿಸಿನೀರು ಬೆಳಗ್ಗೆ 6ರಿಂದ 9” ಎಂದು ಬರೆದು ಮೆಟ್ಟಿಲ ಹತ್ತಿರ ಅಂಟಿಸಿದ್ದರು. ಎಲ್ಲ ರೂಮಿಗೋ, ಕೆಳಗಿನ ರೂಮುಗಳಿಗೆ ಮಾತ್ರವೋ ಎಂದು ಅಜ್ಜ ಕೇಳುತ್ತಿದ್ದರು.